ಒಂದೇ ಲೆಕ್ಕ ಎಷ್ಟು ಸಲ ಮಾಡ್ತೀರಿ?

6 ಮೆಟ್ಟಿಲು. ಒಂದು ಹೆಜ್ಜೆಗೆ 1 ಅಥವಾ 2 ಮೆಟ್ಟಿಲು ಹತ್ತಬಹುದು. ಮೇಲೆ ಹೋಗಲು ಎಷ್ಟು ದಾರಿ?

ಕೊನೆಯ ಹೆಜ್ಜೆ ನೋಡಿ. 6ಕ್ಕೆ ಬರೋದು 5ರಿಂದ, ಇಲ್ಲ 4ರಿಂದ, ಬೇರೆ ದಾರಿಯೇ ಇಲ್ಲ ಅಲ್ವಾ? ಹಾಗಾಗಿ 5ರ ದಾರಿಗಳನ್ನೂ 4ರ ದಾರಿಗಳನ್ನೂ ಕೂಡಿಸಿದರೆ ಆಯ್ತು. n ಮೆಟ್ಟಿಲಿಗೆ ಇರುವ ದಾರಿಗಳ ಎಣಿಕೆಯನ್ನು w(n) ಅನ್ನೋಣ:

```
def w(n):
    if n <= 1: return 1
    return w(n-1) + w(n-2)
```

ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಕರೆಗಳ ಮರವನ್ನು ಪೆನ್ಸಿಲ್ ಹಿಡಿದು ಒಮ್ಮೆ ಪೂರ್ತಿ ಬರೆಯಿರಿ, ದಯವಿಟ್ಟು ಬರೆಯಿರಿ, ಸುಮ್ನೆ ನೋಡಿದರೆ ಇದು ತಲೆಗೆ ಹೋಗಲ್ಲ: w(4) 2 ಸಲ, w(3) 3 ಸಲ, w(2) 5 ಸಲ ಬರುತ್ತದೆ. ಒಟ್ಟು 25 ಕರೆ. ಬೇರೆ ಬೇರೆ ಪ್ರಶ್ನೆಗಳು ಮಾತ್ರ ಏಳೇ, w(0)ಯಿಂದ w(6)ವರೆಗೆ.

ಹೀಗೆ ಒಂದೇ ಉಪಸಮಸ್ಯೆ ಮತ್ತೆ ಮತ್ತೆ ಎದುರಾಗುವುದೇ ಓವರ್‌ಲ್ಯಾಪಿಂಗ್ ಸಬ್‌ಪ್ರಾಬ್ಲಮ್ಸ್. ಪಟ್ಟಿಯನ್ನು ಅರ್ಧ ಮಾಡಿ ವಿಂಗಡಿಸುವ ಮರ್ಜ್ ಸಾರ್ಟ್‌ನಲ್ಲೂ ಒಡೆಯುತ್ತೇವೆ, ಆದರೆ ಎಡ ಅರ್ಧಕ್ಕೂ ಬಲ ಅರ್ಧಕ್ಕೂ ಹಂಚಿಕೊಳ್ಳುವ ಕೆಲಸ ಇಲ್ಲ, ಹಾಗಾಗಿ ಅಲ್ಲಿ ಉತ್ತರಗಳನ್ನು ಟೇಬಲ್‌ನಲ್ಲಿ ಬರೆದಿಟ್ಟು ಲಾಭವಿಲ್ಲ.

ಇಲ್ಲಿ ಇದೆ. ಎಡದಿಂದ ತುಂಬಿಸಿ:

```
n    0  1  2  3  4  5  6
t    1  1  2  3  5  8  13
```

ಮೊದಲ ಎರಡು ಮನೆ ನಾವೇ ಇಟ್ಟಿದ್ದು (0 ಮೆಟ್ಟಿಲಿಗೆ 1 ದಾರಿ: ನಿಂತಲ್ಲೇ ಇರುವುದು). ಆಮೇಲೆ ಪ್ರತಿ ಮನೆಗೂ ಅದರ ಎಡಗಡೆಯ ಎರಡು ಮನೆ ಕೂಡಿಸಿ. t[4] ಬೇಕಾ? 2 + 3 = 5, ಎರಡೂ ಆಗಲೇ ಬರೆದಿಟ್ಟಿವೆ, ಮತ್ತೆ ಕೆಳಗಿಳಿದು ಹುಡುಕಬೇಕಾಗಿಲ್ಲ.

5 ಕೂಡಿಕೆ, ಉತ್ತರ 13.

ಇದೇನು ಮಹಾ ಉಳಿತಾಯ ಅನಿಸಿದರೆ n = 40 ಇಟ್ಟು ನೋಡಿ. ಮೇಲಿನ ಕೋಡ್‌ಗೆ 33 ಕೋಟಿಗೂ ಜಾಸ್ತಿ ಕರೆ ಬೇಕು. ಟೇಬಲ್‌ಗೆ 39 ಕೂಡಿಕೆ.