ಅಪ್ಪನಿಗೆ, ಅಂಗಡಿ ಫೋಟೋ ವಿಷಯ

ಅಪ್ಪ,

ನಾನು ಬೆಳಗಿನ ಟ್ರೈನಿಗೆ ಹೊರಟೆ. ನೀವಿನ್ನೂ ಮಲಗಿದ್ದಿರಿ, ಎಬ್ಬಿಸಲಿಲ್ಲ. ಇದನ್ನು ಸಾಲದ ಪುಸ್ತಕದೊಳಗೆ ಇಟ್ಟಿದ್ದೇನೆ. ಅಂಗಡಿ ಬಾಗಿಲು ತೆಗೆದ ಮೇಲೆ ನೀವು ಮೊದಲು ಕೈಗೆತ್ತಿಕೊಳ್ಳೋದು ಅದನ್ನೇ ಅಲ್ವಾ. ಸ್ವಲ್ಪ ಉದ್ದ ಆಗಿದೆ. ಗಿರಾಕಿ ಇಲ್ಲದ ಹೊತ್ತಲ್ಲಿ ನಿಧಾನಕ್ಕೆ ಓದಿ.

ನಿನ್ನೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದ್ದರಲ್ಲ, ಮೊದಲನೇ ಮಗುವಿಗೆ ನಮ್ಮಲ್ಲೇ ಗಿಲಕಿ ಕೊಂಡಿದ್ದೆವು, ಈಗ ಎರಡನೇದಕ್ಕೆ ಬೇಕು ಅಂತ. ನೀವು ಇಪ್ಪತ್ತು ನಿಮಿಷ ಮಾತಾಡಿದಿರಿ. ಯಾವ ಮರ, ಬಣ್ಣ ಎಲ್ಲಿಂದ, ಮಗು ಬಾಯಿಗಿಟ್ಟರೆ ಏನಾಗುತ್ತೆ, ಎಲ್ಲ ಬಿಡಿಸಿ ಹೇಳಿದಿರಿ. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಆಮೇಲೆ ನಾನು ಅವರಿಗೆ ವಾಟ್ಸಾಪಲ್ಲಿ ಆರು ಫೋಟೋ ಕಳಿಸಿದೆ. ಅವರು ಒಂದೊಂದಕ್ಕೂ ಮತ್ತೆ ಕೇಳಿದರು: ಎಷ್ಟು ದೊಡ್ಡದು? ಎಷ್ಟು ದುಡ್ಡು? ಎಷ್ಟು ತಿಂಗಳ ಮಗುವಿಗೆ? ಸಂಜೆ ತುಮಕೂರಿನವರು ಅದೇ ಪ್ರಶ್ನೆಗಳನ್ನೇ ಕೇಳಿದರು. ನೀವು ಮತ್ತೆ ಮೊದಲಿಂದ ಶುರು ಮಾಡಿದಿರಿ, ಗಂಟಲು ಕಟ್ಟಿಹೋಗಿತ್ತು, ಆದರೂ ಬಿಡದೆ ಹೇಳಿದಿರಿ.

ರಾತ್ರಿ ಮಲಗಿದ ಮೇಲೂ ಅದೇ ಯೋಚನೆ ಬರುತ್ತಿತ್ತು. ಮೊದಲು ಮೈಸೂರಿಗೆ ಹೋಗೋ ಕಾರುಗಳೆಲ್ಲ ಚನ್ನಪಟ್ಟಣದೊಳಗಿಂದಲೇ ಹೋಗುತ್ತಿದ್ದವು. ಕಾಫಿಗೆ ಅಂತ ನಿಲ್ಲಿಸಿದವರು ಅಂಗಡಿ ಮುಂದೆ ನೇತುಹಾಕಿದ ಗೊಂಬೆ ನೋಡಿ ಒಳಗೆ ಬರುತ್ತಿದ್ದರು. ಬಂದವರಿಗೆ ನೀವು ಬುಗುರಿ ಆಡಿಸಿ ತೋರಿಸುತ್ತಿದ್ದಿರಿ, ಅಷ್ಟರಲ್ಲೇ ವ್ಯಾಪಾರ ಆಗುತ್ತಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಕಾರುಗಳೆಲ್ಲ ಬೈಪಾಸ್ ಮೇಲೇ ಹೋಗುತ್ತಿವೆ. ಅವರಿಗೆ ನಮ್ಮ ಅಂಗಡಿ ಇದೆ ಅನ್ನೋದೇ ಕಾಣಲ್ಲ. ನಾವು ರಸ್ತೆಯನ್ನು ವಾಪಸ್ ತರೋಕಾಗಲ್ಲ. ಆದರೆ ಗೊಂಬೆಯನ್ನು ಅವರ ಫೋನಿಗೆ ಕಳಿಸಬಹುದು. ಬರೀ ಗೊಂಬೆ ಅಲ್ಲ, ನೀವು ಹೇಳೋ ಮಾತನ್ನೂ ಜೊತೆಗೇ ಕಳಿಸಬಹುದು. ನಾನು ಹೇಳಬೇಕು ಅಂತಿರೋದು ಇದೇ.

ನಿಮ್ಮ ಫೋನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಟ್ಟಿದ್ದೇನಲ್ಲ, ಅದರೊಳಗೆ ಕ್ಯಾಟಲಾಗ್ ಅಂತ ಒಂದು ಜಾಗ ಇದೆ. ನಮ್ಮ ಗಾಜಿನ ಬೀರು ಇದ್ದ ಹಾಗೆ ಅದು. ಒಂದು ಸಲ ಇಟ್ಟರೆ ಅಲ್ಲೇ ಇರುತ್ತೆ, ಯಾರು ಬೇಕಾದರೂ ನಮ್ಮ ನಂಬರ್ ತೆಗೆದು ನೋಡಬಹುದು, ರಾತ್ರಿ ಹನ್ನೊಂದಕ್ಕೆ ಬೇಕಾದರೂ. ಒಂದು ಸಾಮಾನಿಗೆ 10 ಫೋಟೋ ತನಕ ಹಾಕಬಹುದು. ಕೆಳಗೆ ಹೆಸರು, ಬೆಲೆ, ವಿವರ ಬರೆಯೋಕೆ ಜಾಗ ಇರುತ್ತೆ. ಒಟ್ಟು 500 ಸಾಮಾನು ಹಿಡಿಯುತ್ತೆ, ನಮ್ಮಲ್ಲಿ ಅಷ್ಟು ಬಗೆ ಇಲ್ಲ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಹಾಕೋದು ಹೀಗೆ. ಆ್ಯಪ್ ತೆರೆದು Catalog ಅಂತ ಇರೋದನ್ನು ಒತ್ತಿ. ಅಲ್ಲಿ Add new item ಅಂತ ಬರುತ್ತೆ, ಅದನ್ನು ಒತ್ತಿ ಫೋಟೋ ಆರಿಸಿ. ಹೆಸರು, ಬೆಲೆ, Description ಅನ್ನೋ ಕಡೆ ವಿವರ ತುಂಬಿ Save ಒತ್ತಿ, ಅಷ್ಟೇ. ಹಾಕಿದ ತಕ್ಷಣ ಕಾಣಲಿಲ್ಲ ಅಂತ ಗಾಬರಿ ಆಗಬೇಡಿ. ವಾಟ್ಸಾಪಿನವರು ಒಂದು ಸಲ ನೋಡಿ ಒಪ್ಪಿಕೊಂಡ ಮೇಲೆ ಬರುತ್ತೆ. ಯಾರಾದರೂ ಕೇಳಿದರೆ ಆ ಸಾಮಾನನ್ನೇ ನೇರವಾಗಿ ಅವರ ಚಾಟಿಗೆ ಕಳಿಸಬಹುದು, ಫೋಟೋ ಬೆಲೆ ವಿವರ ಎಲ್ಲ ಒಟ್ಟಿಗೆ ಹೋಗುತ್ತೆ. ಹಳೇ ಫೋಟೋ ಹುಡುಕಿ ಹುಡುಕಿ ಕಳಿಸೋ ಕೆಲಸ ಇರಲ್ಲ.

ನೀವು ಮೊನ್ನೆ ಹೇಳಿದಿರಿ, "ಫೋಟೋ ಇದ್ದಮೇಲೆ ಬರೆಯೋದೇನಿದೆ, ಕಾಣುತ್ತಲ್ಲ" ಅಂತ. ಕಾಣಲ್ಲ ಅಪ್ಪ. ಹೋದ ವರ್ಷ ನಾನು ಒಬ್ಬರಿಗೆ ಅಡುಗೆ ಸೆಟ್ಟಿನ ಫೋಟೋ ಹತ್ತಿರದಿಂದ ತೆಗೆದು ಕಳಿಸಿದೆ. ಅವರು ದೊಡ್ಡದು ಅಂದುಕೊಂಡು ದುಡ್ಡು ಹಾಕಿದರು. ಕೈಗೆ ಸಿಕ್ಕಾಗ ಒಲೆ ಅಂಗೈಯಷ್ಟೂ ಇರಲಿಲ್ಲ. ಅವರ ಮಗಳು ಅತ್ತಳಂತೆ. ಅದು ನನ್ನ ತಪ್ಪು, ಸಾಮಾನಿನದ್ದಲ್ಲ. "ಒಲೆ ಎರಡು ಇಂಚು" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಇನ್ನೊಂದು, ಕಣ್ಣು ಕಾಣದವರ ಫೋನು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತೆ. ಬರೀ ಫೋಟೋ ಇದ್ದರೆ ಅವರಿಗೆ ಏನೂ ತಿಳಿಯಲ್ಲ, ಬರೆದಿದ್ದರೆ ಅವರೂ ಮೊಮ್ಮಗುವಿಗೆ ಗೊಂಬೆ ಆರಿಸಬಹುದು.

ಫೋಟೋ ತೆಗೆಯುವಾಗ ದಯವಿಟ್ಟು ಫ್ಲಾಶ್ ಹಾಕಬೇಡಿ. ಅರಗು ಮಿರಮಿರ ಅನ್ನುತ್ತೆ, ಫ್ಲಾಶ್ ಬಿದ್ದರೆ ಬಿಳಿ ಚುಕ್ಕೆ ಬಿಟ್ಟು ಬೇರೇನೂ ಕಾಣಲ್ಲ. ಬಿಸಿಲಲ್ಲೂ ಅದೇ ಕಥೆ. ಬೆಳಿಗ್ಗೆ ಅಂಗಡಿ ಜಗಲಿ ಮೇಲೆ ನೆರಳಿರುತ್ತಲ್ಲ, ಅಲ್ಲಿ ಒಗೆದ ಬಿಳಿ ಪಂಚೆ ಹಾಸಿ ಅದರ ಮೇಲಿಡಿ. ಒಳಗಿನ ಹಳದಿ ಬಲ್ಬಿನಲ್ಲಿ ತೆಗೆದರೆ ನೀಲಿ ಹಸಿರಾಗಿ ಕಾಣುತ್ತೆ, ಆಮೇಲೆ ಬಣ್ಣ ಬೇರೆ ಬಂತು ಅಂತ ಜಗಳ. ಕ್ಯಾಮೆರಾ ಗಾಜನ್ನು ಅಂಗಿ ತುದಿಯಲ್ಲಿ ಒರೆಸಿಕೊಳ್ಳಿ, ನಿಮ್ಮ ಫೋನಿನದು ಯಾವಾಗಲೂ ಎಣ್ಣೆ ಕೈ ಆಗಿ ಮಸುಕಾಗಿರುತ್ತೆ. ಒಂದು ಎದುರಿಂದ, ಒಂದು ಪಕ್ಕದಿಂದ, ಒಂದು ಕೈಯಲ್ಲಿ ಹಿಡಿದದ್ದು, ಒಂದು ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟದ್ದು. ನಾಣ್ಯ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಗೊತ್ತು, ಅದು ಅಳತೆ ಹೇಳಿಬಿಡುತ್ತೆ.

ಬರೆಯೋದು ಕಷ್ಟ ಅಂತ ನೀವು ಅಂದುಕೊಂಡಿದ್ದೀರಿ. ಕೀಲಿಮಣೆಯಲ್ಲಿ ಮೈಕ್ ಚಿತ್ರ ಇದೆ, ಅದನ್ನು ಒತ್ತಿ ಕನ್ನಡದಲ್ಲಿ ಮಾತಾಡಿ, ಅದೇ ಬರೆದುಕೊಳ್ಳುತ್ತೆ. ಭಾಷೆ ಕನ್ನಡಕ್ಕೆ ಹಾಕಿಟ್ಟಿದ್ದೇನೆ. ಅಲ್ಲಲ್ಲಿ ತಪ್ಪು ಬರುತ್ತೆ, ಬಿಡಿ, ಸಂಜೆ ನಾನು ತಿದ್ದುತ್ತೇನೆ. ಎದುರಿಗೆ ಗಿರಾಕಿ ನಿಂತಿದ್ದಾರೆ ಅಂದುಕೊಂಡು ಮಾತಾಡಿ. ನಿನ್ನೆ ಹುಬ್ಬಳ್ಳಿಯವರಿಗೆ ನೀವು ಹೇಳಿದ್ದನ್ನೇ ನಾನು ಗಿಲಕಿಗೆ ಹೀಗೆ ಬರೆದಿದ್ದೇನೆ, ನೋಡಿ:

"ಮಗುವಿನ ಗಿಲಕಿ. ಹಾಲೆ ಮರದ್ದು, ಹಗುರ. ಅರಗಿನ ಬಣ್ಣ, ಅರಿಶಿನದ ಹಳದಿ ಮತ್ತು ಕೆಂಪು. ಉದ್ದ 5 ಇಂಚು, ಹಿಡಿ ಮಗುವಿನ ಮುಷ್ಟಿಗೆ ಸರಿ ಹೋಗುತ್ತೆ. ಬಣ್ಣವನ್ನು ಬ್ರಷ್‌ನಿಂದ ಬಳಿದಿಲ್ಲ, ಮರ ಕಡೆಯುವ ಯಂತ್ರದಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಶಾಖಕ್ಕೆ ಕರಗಿ ಹತ್ತಿಕೊಂಡದ್ದು, ಆಮೇಲೆ ತಾಳೆ ಗರಿಯಿಂದ ಉಜ್ಜಿ ಹೊಳಪು ಕೊಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ. ನೀರಲ್ಲಿ ನೆನೆಹಾಕಬೇಡಿ. ಸ್ಯಾನಿಟೈಸರ್ ಹಾಕಬೇಡಿ, ಅರಗು ಬಿಡುತ್ತೆ. ಬೆಲೆ 120 ರೂಪಾಯಿ, ಅಂಚೆ ಖರ್ಚು ಬೇರೆ."

ಸ್ಯಾನಿಟೈಸರ್ ಮಾತು ಖಂಡಿತ ಬಿಡಬೇಡಿ. ಮಗುವಿನ ಸಾಮಾನು ಅಂದರೆ ತಾಯಂದಿರು ಮೊದಲು ಅದನ್ನೇ ಹಾಕಿ ಒರೆಸುತ್ತಾರೆ. ಅದರಲ್ಲಿ ಸ್ಪಿರಿಟ್ ಇರುತ್ತೆ, ಅರಗು ಸ್ಪಿರಿಟ್‌ಗೆ ಕರಗುತ್ತೆ. ಆಮೇಲೆ ಅಂಟಂಟಾಯ್ತು ಅಂತ ನಮಗೆ ಬೈಯುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವರು ನೀವೇ.

ಈಗ ಮುಖ್ಯವಾದ ಒಂದು ವಿಷಯ, ಸ್ವಲ್ಪ ಮನಸ್ಸಿಟ್ಟು ಓದಿ. ನಮ್ಮಲ್ಲಿರೋ ಸಾಮಾನೆಲ್ಲ ಅರಗಿನದ್ದಲ್ಲ. ಆಡಿಸೋ ಕುದುರೆ, ಮೂರು ಚಕ್ರದ ತಳ್ಳುಗಾಡಿ, ಇವಕ್ಕೆ ಪೇಂಟ್ ಹೊಡೆದಿರೋದು. ಮೇಲಿನ ಹಲಗೆಯಲ್ಲಿರೋ ಆ ಎರಡು ಬಾಕ್ಸ್ ಸಾಮಾನು ಹೊರಗಿನಿಂದ ಬಂದದ್ದು, ಚನ್ನಪಟ್ಟಣದ್ದೇ ಅಲ್ಲ. ಅಂಗಡಿಗೆ ಬಂದವರು ಕೇಳಿದರೆ ನೀವು ಮುಚ್ಚಿಡದೆ ಹೇಳುತ್ತೀರಿ. ಕ್ಯಾಟಲಾಗಲ್ಲೂ ಹಾಗೇ ಬರೆಯಬೇಕು: "ಇದು ಪೇಂಟ್, ಅರಗಲ್ಲ", "ಇದು ನಮ್ಮೂರಲ್ಲಿ ಮಾಡಿದ್ದಲ್ಲ". ಚನ್ನಪಟ್ಟಣದ ಗೊಂಬೆ ಅನ್ನೋ ಹೆಸರಿಗೆ ಜಿಐ ಗುರುತು ಇದೆ. ಆ ಹೆಸರು ಕಡೆಯೋರ ಕೈಯಿಂದ ಬಂದದ್ದು. ಪೇಂಟಿನ ಸಾಮಾನಿಗೆ ಆ ಹೆಸರು ಹಚ್ಚಿ ಮಾರೋರು ಇದ್ದಾರೆ, ನನಗೆ ಅದು ನೋಡಿದರೆ ಹೊಟ್ಟೆ ಉರಿಯುತ್ತೆ. ಎರಡು ಗಿರಾಕಿ ಕಡಿಮೆ ಆದರೂ ಪರವಾಗಿಲ್ಲ, ನಾವು ಇದ್ದದ್ದು ಇದ್ದ ಹಾಗೆ ಬರೆಯೋಣ.

ಬೆಲೆ ಹಾಕಿದರೆ ಪಕ್ಕದ ಅಂಗಡಿಯವರು ನೋಡಿ ಐದು ರೂಪಾಯಿ ಇಳಿಸುತ್ತಾರೆ ಅನ್ನೋ ನಿಮ್ಮ ಮಾತೂ ಸರಿಯೇ. ಬೇಡ ಅಂದರೆ ಬೆಲೆ ಖಾಲಿ ಬಿಡಬಹುದು. ನನ್ನ ಅಭಿಪ್ರಾಯ ಕೇಳಿದರೆ ಹಾಕೋದೇ ಒಳ್ಳೇದು. ಬೆಲೆ ಕಾಣದಿದ್ದರೆ ಎಷ್ಟೋ ಜನ ಕೇಳೋಕೆ ಸಂಕೋಚಪಟ್ಟು ಸುಮ್ನೆ ಹೊರಟುಹೋಗುತ್ತಾರೆ. ನೀವು ನಿರ್ಧಾರ ಮಾಡಿ.

ಒಂದೇ ಪೀಸ್ ಇರೋ ಗೊಂಬೆ ಮಾರಿಹೋದರೆ ಕ್ಯಾಟಲಾಗಲ್ಲಿ ಅದನ್ನು ಮರೆಮಾಡಿ, ಅಳಿಸಬೇಡಿ. ಮತ್ತೆ ಮಾಡಿಸಿದಾಗ ಬರೆದದ್ದು ಹಾಗೇ ಇರುತ್ತೆ.

ದುಡ್ಡಿನ ವಿಷಯದಲ್ಲಿ ಹುಷಾರಾಗಿರಿ. ಗೊತ್ತಿಲ್ಲದವರು ಆರ್ಡರ್ ಮಾಡಿ, "ದುಡ್ಡು ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಫೋನ್ ಕಟ್ ಮಾಡಿಬಿಡಿ. ದುಡ್ಡು ತಗೊಳ್ಳೋಕೆ ನಾವು ಯಾವತ್ತೂ ಪಿನ್ ಹಾಕಬೇಕಿಲ್ಲ. ಅನುಮಾನ ಬಂದರೆ ನನಗೆ ಫೋನ್ ಮಾಡಿ, ಆಫೀಸಲ್ಲಿದ್ದರೂ ಎತ್ತುತ್ತೇನೆ.

ಎಲ್ಲ ಒಂದೇ ದಿನ ಮಾಡಬೇಡಿ, ಕಣ್ಣು ನೋಯುತ್ತೆ. ಇವತ್ತು ಬುಗುರಿ ಮಾತ್ರ. ದಾರ ಸುತ್ತಿ ಬಿಡೋದು ಒಂದು, ಬೆರಳಲ್ಲಿ ತಿರುಗಿಸೋದು ಒಂದು. ಎರಡನ್ನೂ ಬೇರೆ ಬೇರೆ ಹಾಕಿ, ಯಾವುದು ಹೇಗೆ ಆಡಿಸೋದು ಅಂತ ಹೇಳಿ. ನಾಳೆ ತಲೆ ಅಲ್ಲಾಡಿಸೋ ಅಜ್ಜ ಅಜ್ಜಿ. ದಸರಾ ಹತ್ತಿರ ಬರುತ್ತಿದೆ, ಗೊಂಬೆ ಕೂರಿಸೋರು ಈಗಿನಿಂದಲೇ ಹುಡುಕುತ್ತಾರೆ, ಹಾಗಾಗಿ ಅದು ಬೇಗ ಹೋಗಬೇಕು. ಗಿಲಕಿಯದನ್ನು ನಾನು ನಿನ್ನೆ ರಾತ್ರಿಯೇ ಹಾಕಿದ್ದೇನೆ, ತೆರೆದು ನೋಡಿ. ಹುಬ್ಬಳ್ಳಿಯವರಿಗೂ ಅದನ್ನೇ ಕಳಿಸಿದೆ. ಎರಡು ಬೇಕು ಅಂದಿದ್ದಾರೆ, ಒಂದು ಹಳದಿ ಒಂದು ಹಸಿರು. ಹಸಿರು ಮೂರನೇ ಡಬ್ಬದಲ್ಲಿದೆ, ಮಧ್ಯಾಹ್ನದೊಳಗೆ ಕಟ್ಟಿ ಅಂಚೆಗೆ ಕೊಡಿ. ಅವರ ವಿಳಾಸ ಇದೇ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿದ್ದೇನೆ.

ಚಾರ್ಜರ್ ಗಲ್ಲಾ ಪೆಟ್ಟಿಗೆ ಪಕ್ಕದಲ್ಲಿದೆ. ಮಾತ್ರೆ ತಗೊಳ್ಳೋದು ಮರೆಯಬೇಡಿ. ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ, ಬುಗುರಿಗೆ ಏನು ಹೇಳಿದಿರಿ ಅಂತ ಓದಿ ಹೇಳಿ.

ನಿಮ್ಮ ಮಗ