ಸರಣಿ ಮತ್ತು ಸಮಾಂತರ ಜೋಡಣೆ: ರೋಧಕಗಳ ಲೆಕ್ಕಗಳು

ಪರೀಕ್ಷೆಗೆ ಮುಂಚೆ ಒಂದು ಸಂಜೆ ಕೂತು ಬಿಡಿಸಬಹುದಾದಷ್ಟು ಲೆಕ್ಕಗಳು ಇಲ್ಲಿವೆ. ಉತ್ತರ ನೋಡುವ ಮೊದಲು ಪ್ರತಿ ಲೆಕ್ಕದ ಚಿತ್ರವನ್ನು ನೀವೇ ಬರೆದುಕೊಳ್ಳಿ. ಸೂತ್ರ ಆಮೇಲೆ. ಮೊದಲು ಬ್ಯಾಟರಿಯ ಧನ ತುದಿಯಿಂದ ಬೆರಳಿಟ್ಟು ತಂತಿಯ ಜೊತೆ ಹೋಗಿ. ದಾರಿ ಎಲ್ಲೂ ಕವಲೊಡೆಯದಿದ್ದರೆ ಸರಣಿ. ಅಲ್ಲಿ ಎಲ್ಲ ರೋಧಕಗಳಲ್ಲೂ ಒಂದೇ ಪ್ರವಾಹ. ಕವಲೊಡೆದ ದಾರಿಗಳು ಮುಂದೆ ಒಂದೇ ಕಡೆ ಸೇರಿದರೆ ಸಮಾಂತರ. ಆ ದಾರಿಗಳಿಗೆಲ್ಲ ಒಂದೇ ವಿಭವಾಂತರ.

ಬಳಸುವ ಸೂತ್ರಗಳು ಇಷ್ಟೇ:

V = IR
ಸರಣಿ: R = R₁ + R₂ + R₃
ಸಮಾಂತರ: 1/R = 1/R₁ + 1/R₂ + 1/R₃

ಲೆಕ್ಕ 1. 4 Ω, 6 Ω ಮತ್ತು 10 Ω ರೋಧಕಗಳನ್ನು ಸರಣಿಯಲ್ಲಿ 12 V ಬ್ಯಾಟರಿಗೆ ಜೋಡಿಸಿದೆ. ಪ್ರವಾಹ ಎಷ್ಟು? ಒಂದೊಂದು ರೋಧಕದ ತುದಿಗಳ ನಡುವಿನ ವಿಭವಾಂತರ ಎಷ್ಟು?

R = 4 + 6 + 10 = 20 Ω
I = 12/20 = 0.6 A
V₁ = 0.6 × 4 = 2.4 V
V₂ = 0.6 × 6 = 3.6 V
V₃ = 0.6 × 10 = 6 V

ಮೂರನ್ನೂ ಕೂಡಿಸಿ: 12 V ಬಂತು. ಈ ತಾಳೆ ನೋಡುವ ಕೆಲಸಕ್ಕೆ ಹತ್ತು ಸೆಕೆಂಡ್ ಸಾಕು, ಆದರೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಲೆಕ್ಕ 2. 10 Ω, 15 Ω ಮತ್ತು 30 Ω ರೋಧಕಗಳು ಸಮಾಂತರವಾಗಿ 6 V ಬ್ಯಾಟರಿಗೆ ಸೇರಿವೆ. ಒಟ್ಟು ರೋಧ ಮತ್ತು ಒಟ್ಟು ಪ್ರವಾಹ ಕಂಡುಹಿಡಿಯಿರಿ.

1/R = 1/10 + 1/15 + 1/30 = (3 + 2 + 1)/30 = 6/30
R = 30/6 = 5 Ω
I = 6/5 = 1.2 A

6/30 ಅಂದರೆ 0.2. ಅದನ್ನೇ ರೋಧ ಅಂತ ಬರೆದು ಮುಂದೆ ಹೋದರೆ ಪ್ರವಾಹ 30 A ಬರುತ್ತದೆ! ತಲೆಕೆಳಗು ಮಾಡಲು ಮರೆಯುವುದು ಇಲ್ಲಿನ ಮಾಮೂಲಿ ತಪ್ಪು. ಅದನ್ನು ಹಿಡಿಯುವುದೂ ಸುಲಭ: ಸಮಾಂತರ ಜೋಡಣೆಯ ಒಟ್ಟು ರೋಧ ಅದರಲ್ಲಿರುವ ಎಲ್ಲಕ್ಕಿಂತ ಚಿಕ್ಕ ರೋಧಕ್ಕಿಂತಲೂ ಕಡಿಮೆ ಇರಬೇಕು, ಆದರೆ ತೀರಾ ಕಡಿಮೆಯೂ ಆಗಲಾರದು. ಮೂರು ರೋಧಕಗಳಿದ್ದರೆ ಚಿಕ್ಕದರ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಹೋಗುವುದಿಲ್ಲ. ಅಂದರೆ ಇಲ್ಲಿ ಉತ್ತರ 3.33 Ω ಮತ್ತು 10 Ω ನಡುವೆ ಇರಲೇಬೇಕು.

ಬೇರೆ ದಾರಿಯೂ ಇದೆ. ಒಟ್ಟು ರೋಧದ ಗೊಡವೆಯೇ ಬೇಡ. ಪ್ರತಿ ರೋಧಕಕ್ಕೂ 6 V ಇದೆ ಅಲ್ವಾ? 6/10 = 0.6 A, 6/15 = 0.4 A, 6/30 = 0.2 A. ಕೂಡಿಸಿದರೆ ಅದೇ 1.2 A. ನನಗೆ ಈ ದಾರಿಯೇ ಇಷ್ಟ.

ಲೆಕ್ಕ 3. 10 V ಬ್ಯಾಟರಿಗೆ 5 Ω ರೋಧಕ, ನಂತರ ಸಮಾಂತರವಾಗಿರುವ 20 Ω ಮತ್ತು 30 Ω ಜೋಡಿ, ಕೊನೆಗೆ 3 Ω ರೋಧಕ, ಹೀಗೆ ಸಾಲಾಗಿ ಸೇರಿಸಿದೆ. (ಅ) 20 Ω ಮತ್ತು 30 Ω ರೋಧಕಗಳಲ್ಲಿ ಹರಿಯುವ ಪ್ರವಾಹ ಎಷ್ಟು? (ಆ) 30 Ω ರೋಧಕದ ತಂತಿ ಕಿತ್ತುಹೋದರೆ 20 Ω ರೋಧಕದಲ್ಲಿ ಪ್ರವಾಹ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

(ಅ) ಮೊದಲು ಜೋಡಿಯನ್ನು ಒಂದೇ ರೋಧಕ ಮಾಡಿ:
(20 × 30)/(20 + 30) = 600/50 = 12 Ω
R = 5 + 12 + 3 = 20 Ω
I = 10/20 = 0.5 A
ಜೋಡಿಯ ವಿಭವಾಂತರ = 0.5 × 12 = 6 V
20 Ω ನಲ್ಲಿ: 6/20 = 0.3 A
30 Ω ನಲ್ಲಿ: 6/30 = 0.2 A

ಇಲ್ಲಿ ಎಡವುವುದು ಎಲ್ಲಿ ಗೊತ್ತಾ? 10 V ಅನ್ನು ನೇರವಾಗಿ 20 ರಿಂದ ಭಾಗಿಸಿ 0.5 A ಅಂದುಬಿಡುತ್ತಾರೆ. ಆ 20 Ω ರೋಧಕದ ಎರಡು ತುದಿ ಬ್ಯಾಟರಿಯ ಎರಡು ತುದಿಗೆ ನೇರವಾಗಿ ಸೇರಿಲ್ಲ. ಮಧ್ಯೆ 5 Ω ರೋಧಕ 2.5 V ತಿಂದಿದೆ, 3 Ω ರೋಧಕ 1.5 V ತಿಂದಿದೆ. ಉಳಿದದ್ದು 6 V. V = IR ಬರೆಯುವಾಗ ಈ V ಯಾವ ಎರಡು ಬಿಂದುಗಳ ನಡುವಿನದು ಅಂತ ಪ್ರತಿ ಸಲ ಕೇಳಿಕೊಳ್ಳಿ. ಹೆಚ್ಚು ಅಂಕ ಕಳೆದುಹೋಗುವುದು ಗುಣಾಕಾರದಲ್ಲಿ ಅಲ್ಲ, ಇಲ್ಲೇ.

(ಆ) ಈಗ ಕವಲೇ ಇಲ್ಲ. ಎಲ್ಲವೂ ಸರಣಿ.
R = 5 + 20 + 3 = 28 Ω
I = 10/28 ≈ 0.36 A

ಬ್ಯಾಟರಿಯಿಂದ ಬರುವ ಪ್ರವಾಹ 0.5 A ಇಂದ 0.36 A ಗೆ ಇಳಿಯಿತು. ಆದರೆ 20 Ω ರೋಧಕದ ಪಾಲು 0.3 A ಇಂದ 0.36 A ಗೆ ಏರಿತು! ಕೇಳಿದ ತಕ್ಷಣ ವಿಚಿತ್ರ ಅನಿಸುತ್ತದೆ. ಪ್ರವಾಹ ಕಡಿಮೆಯಾದ್ದರಿಂದ 5 Ω ಮತ್ತು 3 Ω ರೋಧಕಗಳು ತಿನ್ನುವ ವೋಲ್ಟ್ ಕಡಿಮೆಯಾಯಿತು, ಹಾಗಾಗಿ 20 Ω ರೋಧಕಕ್ಕೆ ಈಗ ಸುಮಾರು 7.1 V ಸಿಗುತ್ತಿದೆ. ಇನ್ನೊಂದು ರೀತಿಯಲ್ಲಿ ಹೇಳಿದರೆ, ಬರುವ ಪ್ರವಾಹ ಕಡಿಮೆಯಾದರೂ ಅದನ್ನು ಹಂಚಿಕೊಳ್ಳಲು ಪಕ್ಕದವನು ಇಲ್ಲ.

ಲೆಕ್ಕ 4. A, B, C, D ಎಂಬ ನಾಲ್ಕು ಬಿಂದುಗಳು ಒಂದೇ ಗೆರೆಯಲ್ಲಿವೆ. A ಮತ್ತು B ನಡುವೆ, B ಮತ್ತು C ನಡುವೆ, C ಮತ್ತು D ನಡುವೆ ಒಂದೊಂದು 6 Ω ರೋಧಕ. ಇದರ ಮೇಲೆ A ಯಿಂದ C ಗೆ ಒಂದು ಬರಿ ತಂತಿ, B ಯಿಂದ D ಗೆ ಇನ್ನೊಂದು ಬರಿ ತಂತಿ ಜೋಡಿಸಿದೆ. ತಂತಿಗಳ ರೋಧ ಲೆಕ್ಕಕ್ಕಿಲ್ಲ. A ಮತ್ತು D ನಡುವೆ 3 V ಕೊಟ್ಟರೆ ಒಟ್ಟು ಪ್ರವಾಹ ಎಷ್ಟು?

ಚಿತ್ರ ನೋಡಿದರೆ ಸರಣಿ, 18 Ω ಅನಿಸುತ್ತದೆ. ಚಿತ್ರವನ್ನು ನಂಬಬೇಡಿ. ಬರಿ ತಂತಿಯಿಂದ ಸೇರಿದ ಎರಡು ಬಿಂದುಗಳ ವಿಭವ ಒಂದೇ. ಹಾಗಾಗಿ C ಇರುವಲ್ಲೆಲ್ಲ A ಅಂತ ಬರೆಯಿರಿ, D ಇರುವಲ್ಲೆಲ್ಲ B ಅಂತ ಬರೆಯಿರಿ. ಈಗ ಮೊದಲ ರೋಧಕ A–B, ಎರಡನೆಯದು B–A, ಮೂರನೆಯದು A–B. ಮೂರೂ ಅವೇ ಎರಡು ಬಿಂದುಗಳ ನಡುವೆ ಇವೆ, ಅಂದರೆ ಸಮಾಂತರ.

R = 6/3 = 2 Ω
I = 3/2 = 1.5 A, ಪ್ರತಿ ರೋಧಕದಲ್ಲಿ 0.5 A

ಮಧ್ಯದ ರೋಧಕದಲ್ಲಿ ಪ್ರವಾಹ ಉಳಿದೆರಡರ ಎದುರು ದಿಕ್ಕಿಗೆ ಹರಿಯುತ್ತದೆ, C ಯಿಂದ B ಗೆ. ಇದನ್ನು ಸುಮ್ನೆ ಬಾಣ ಹಾಕಿ ನೋಡಿಕೊಳ್ಳಿ, ಮಜವಾಗಿದೆ.

ಲೆಕ್ಕ 5. ಎರಡು 10 kΩ ರೋಧಕಗಳು ಸರಣಿಯಲ್ಲಿ 12 V ಬ್ಯಾಟರಿಗೆ ಸೇರಿವೆ. ಒಂದರ ತುದಿಗಳಿಗೆ 10 kΩ ರೋಧವಿರುವ ವೋಲ್ಟ್‌ಮೀಟರ್ ಜೋಡಿಸಿದರೆ ಅದು ಎಷ್ಟು ತೋರಿಸುತ್ತದೆ?

6 V ಅಲ್ಲ. ಮೀಟರ್ ಕೂಡ ಒಂದು ರೋಧಕವೇ, ಅದೂ ಸಮಾಂತರವಾಗಿ ಕೂತಿದೆ.
10 kΩ ಮತ್ತು 10 kΩ ಸಮಾಂತರ = 5 kΩ
ಒಟ್ಟು = 15 kΩ, I = 12/15000 = 0.0008 A
V = 0.0008 × 5000 = 4 V

ಅಳೆಯಲು ಹೋಗಿ ಅಳೆಯಬೇಕಾದ್ದನ್ನೇ ಬದಲಿಸಿಬಿಟ್ಟೆವು. ಒಳ್ಳೆಯ ವೋಲ್ಟ್‌ಮೀಟರಿನ ರೋಧ ತುಂಬಾ ಜಾಸ್ತಿ ಇರಬೇಕು ಅನ್ನುವುದು ಇದಕ್ಕೇ. ಇದೇ ಲೆಕ್ಕವನ್ನು 10 MΩ ಮೀಟರ್ ಇಟ್ಟು ಮಾಡಿ. ಉತ್ತರ 6 V ಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ.

ನೀವೇ ಮಾಡಿ

6. 20 Ω ರೋಧದ ತಂತಿಯನ್ನು 5 ಸಮ ತುಂಡು ಮಾಡಿ ಎಲ್ಲವನ್ನೂ ಸಮಾಂತರವಾಗಿ ಜೋಡಿಸಿದೆ. ಒಟ್ಟು ರೋಧ ಎಷ್ಟು?

7. ಎರಡು ರೋಧಕಗಳು ಸರಣಿಯಲ್ಲಿ 25 Ω, ಸಮಾಂತರದಲ್ಲಿ 6 Ω ಕೊಡುತ್ತವೆ. ಅವು ಯಾವುವು? (ಮೊತ್ತ ಗೊತ್ತು. ಗುಣಲಬ್ಧ ಎಷ್ಟೆಂದು ಯೋಚಿಸಿ.)

8. 10 V ಬ್ಯಾಟರಿಯಿಂದ 0.5 A ಪ್ರವಾಹ ಬರಬೇಕಾದರೆ 100 Ω ನ ಎಷ್ಟು ರೋಧಕಗಳನ್ನು ಸಮಾಂತರವಾಗಿ ಜೋಡಿಸಬೇಕು?

9. 1.5 V ಕೋಶದ ಆಂತರಿಕ ರೋಧ 0.5 Ω. ಅದಕ್ಕೆ 7 Ω ರೋಧಕ ಜೋಡಿಸಿದಾಗ ಕೋಶದ ತುದಿಗಳ ನಡುವಿನ ವಿಭವಾಂತರ ಎಷ್ಟು?

ಉತ್ತರಗಳು: (6) 0.8 Ω. 4 Ω ಬಂದಿದ್ದರೆ ತುಂಡು ಮಾಡಿ ಅಲ್ಲೇ ನಿಲ್ಲಿಸಿದ್ದೀರಿ. (7) 10 Ω ಮತ್ತು 15 Ω. (8) 5. (9) ಪ್ರವಾಹ 0.2 A, ವಿಭವಾಂತರ 1.4 V. ಉಳಿದ 0.1 V ಕೋಶದ ಒಳಗೇ ಖರ್ಚಾಯಿತು.