ಕ್ಲಿನಿಕ್‌ನೊಳಗೆ ಈಥರ್ನೆಟ್ ಕೇಬಲ್ ಎಳೆಯಲು ಮನೆ ಮಾಲೀಕರ ಅನುಮತಿ ಕೋರಿ ಪತ್ರ

ವಿಜಯಪುರ
12 ಜನವರಿ 2026

ಪೂಜ್ಯ ಬಸವಂತರಾಯ ಬಿರಾದಾರ ಕಾಕಾ ಅವರಿಗೆ,
ಡಾ. ವೀಣಾ ಪಾಟೀಲ ಮಾಡುವ ಶರಣು ಶರಣಾರ್ಥಿ.

ವಿಷಯ: ಕ್ಲಿನಿಕ್‌ನ ಕಂಪ್ಯೂಟರುಗಳಿಗೆ ಈಥರ್ನೆಟ್ ಕೇಬಲ್ ಎಳೆಯಲು ಮತ್ತು ಒಂದು ಗೋಡೆಯಲ್ಲಿ ರಂಧ್ರ ಕೊರೆಯಲು ಒಪ್ಪಿಗೆ.

ಗೋಡೆಗೆ ಮೊಳೆ ಹೊಡೆಯುವುದಾದರೂ ನಿಮ್ಮ ಲಿಖಿತ ಒಪ್ಪಿಗೆ ಪಡೆಯಬೇಕೆಂದು ನಮ್ಮ ಬಾಡಿಗೆ ಕರಾರಿನಲ್ಲಿದೆ. ಹಿಂದೆ ಇದ್ದ ಬಾಡಿಗೆದಾರರು ಏಸಿ ಕೂಡಿಸುವಾಗ ಪಡಸಾಲೆಯ ಗಿಲಾಯಿ ಹೇಗೆ ಉದುರಿತು ಎಂಬುದನ್ನು ನೀವು ತೋರಿಸಿದ್ದೀರಿ. ಆ ಷರತ್ತು ಏಕೆ ಬಂತು ಎನ್ನುವುದು ನನಗೆ ಗೊತ್ತು. ಆದ್ದರಿಂದ ಫೋನಿನಲ್ಲಿ ಹೇಳಿ ಮುಗಿಸದೆ, ಯಾವ ಕೆಲಸ, ಎಲ್ಲಿ, ಹೇಗೆ ಎಂದು ಪೂರ್ತಿ ಬರೆಯುತ್ತಿದ್ದೇನೆ.

ಇಂಟರ್ನೆಟ್ ಲೈನು ರಸ್ತೆಯ ಕಡೆಯಿಂದ ಪಡಸಾಲೆಗೆ ಬರುತ್ತದೆ. ಅದರ ರೌಟರ್ ಅಲ್ಲಿಯ ಮಾಡದಲ್ಲಿ ಇದೆ. ಎಕ್ಸ್‌-ರೇ ಯಂತ್ರ ಇರುವುದು ಹಿಂದಿನ ಕೋಣೆಯಲ್ಲಿ. ನಾನು ರೋಗಿಗಳನ್ನು ನೋಡುವುದು ನಡುವಿನ ಕೋಣೆಯಲ್ಲಿ. ಒಂದೊಂದು ಗೋಡೆಯೂ ಎರಡು ಅಡಿ ದಪ್ಪದ ಕರಿಕಲ್ಲಿನದು. ಎಕ್ಸ್‌-ರೇ ಕೋಣೆಯ ಬಾಗಿಲಿಗೆ ಸೀಸದ ಹಾಳೆಯೂ ಇದೆ. ಬೇಸಿಗೆಯಲ್ಲಿ ಈ ಕೋಣೆಗಳು ತಂಪಾಗಿರುವುದಕ್ಕೆ ಕಾರಣವಾದ ಕಲ್ಲೇ ವೈಫೈಗೆ ಶತ್ರು. ಎಲುಬಿನ ಒಂದು ಡಿಜಿಟಲ್ ಚಿತ್ರ ಹತ್ತಿಪ್ಪತ್ತು ಎಂಬಿ ತೂಗುತ್ತದೆ. ಅದು ಹಿಂದಿನ ಕೋಣೆಯಿಂದ ನನ್ನ ಮೇಜಿಗೆ ಬರುವಷ್ಟರಲ್ಲಿ ನಡುವೆ ಸಂಪರ್ಕ ಕಡಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೈ ಮುರಿದುಕೊಂಡು ಬಂದವರು ನೋವಿನಲ್ಲಿ ಕುಳಿತಿರುತ್ತಾರೆ, ನಮ್ಮ ಟೆಕ್ನಿಷಿಯನ್ ಪೆನ್‌ಡ್ರೈವ್ ಹಿಡಿದು ಓಡುತ್ತಾನೆ. ಒಬ್ಬರ ಚಿತ್ರ ಇನ್ನೊಬ್ಬರ ಹೆಸರಿನಲ್ಲಿ ಸೇರಿಬಿಟ್ಟರೆ ಏನು ಗತಿ ಎನ್ನುವುದೇ ನನ್ನ ದೊಡ್ಡ ಚಿಂತೆ.

ನಿಮ್ಮ ಮಗ ಮಲ್ಲಿಕಾರ್ಜುನ ಅವರು, "ಈ ಕಾಲದಲ್ಲಿ ಯಾರು ವೈರ್ ಎಳೆಯುತ್ತಾರೆ, ಇನ್ನೊಂದು ವೈಫೈ ಪೆಟ್ಟಿಗೆ ಹಚ್ಚಿ" ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಆ ಪೆಟ್ಟಿಗೆ ಗಾಳಿಯಲ್ಲಿ ಬಂದದ್ದನ್ನು ಹಿಡಿದು ಗಾಳಿಯಲ್ಲೇ ಮುಂದಕ್ಕೆ ದಾಟಿಸುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೊ ಇರುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗೋಡೆಯ ಆಚೆ ಇಟ್ಟರೆ ಅದಕ್ಕೇ ಸರಿಯಾಗಿ ಕೇಳಿಸುವುದಿಲ್ಲ, ಈಚೆ ಇಟ್ಟರೆ ಅದರ ಮಾತು ಆಚೆಗೆ ಹೋಗುವುದಿಲ್ಲ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ; ನಮ್ಮ ಓಣಿಯ ಅಂಗಡಿಗಳ ರೌಟರುಗಳೆಲ್ಲ ಅವುಗಳಲ್ಲೇ ನೂಕಾಡುತ್ತಿವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗವಿದೆ, ಆದರೆ ಅದು ಗೋಡೆ ದಾಟುವುದರಲ್ಲಿ ಇನ್ನೂ ದುರ್ಬಲ. ಪಡಸಾಲೆಯಲ್ಲಿ ಕಾಯುವವರ ಮೊಬೈಲಿಗೆ ವೈಫೈ ಇದ್ದೇ ಇರಲಿ. ಚಿತ್ರಗಳಿಗೆ ಮಾತ್ರ ಕೇಬಲ್ ಬೇಕು.

ಈಗ ಕೆಲಸದ ವಿವರ. ರೌಟರ್ ಇರುವ ಮಾಡದಲ್ಲೇ, ಒಂದು ಲೈನನ್ನು ಹಲವು ಕಂಪ್ಯೂಟರುಗಳಿಗೆ ಹಂಚುವ ಎಂಟು ಪೋರ್ಟಿನ ಒಂದು ಸಣ್ಣ ಸ್ವಿಚ್ ಪೆಟ್ಟಿಗೆ ಕೂಡುತ್ತದೆ. ಅಲ್ಲಿಂದ ನಾಲ್ಕು ಕಂಪ್ಯೂಟರುಗಳಿಗೆ ನಾಲ್ಕು ಕೇಬಲ್. ಕ್ಯಾಟ್ 6, ಪೂರ್ತಿ ತಾಮ್ರದ್ದು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಮಾಲು ಬೇಡವೆಂದು ಹೇಳಿದ್ದೇನೆ. ಒಂದು ಕೇಬಲ್ ನೂರು ಮೀಟರ್‌ವರೆಗೆ ಹೋಗಬಹುದು, ನಮ್ಮ ಅತಿ ಉದ್ದದ್ದು ಇಪ್ಪತ್ತೈದು ಮೀಟರ್ ದಾಟುವುದಿಲ್ಲ. ಕೇಬಲ್‌ಗಳೆಲ್ಲ ಬಿಳಿ ಪಿವಿಸಿ ಪಟ್ಟಿಯೊಳಗೆ, ಜಂತಿಯ ಕೆಳಗೆ ಗೋಡೆಯ ಅಂಚಿನಲ್ಲಿ ಸಾಗುತ್ತವೆ. ಪಟ್ಟಿಯೊಳಗೆ ಇದ್ದರೆ ಇಲಿಗಳ ಕಾಟವೂ ಕಡಿಮೆ. ಸಾಗವಾನಿಯ ತೊಲೆಗಳಿಗೆ ಒಂದೂ ಮೊಳೆ ಬೀಳುವುದಿಲ್ಲ. ಈ ಕೇಬಲಿನಲ್ಲಿ ಹರಿಯುವುದು ಮನೆಯ 230 ವೋಲ್ಟ್ ಕರೆಂಟ್ ಅಲ್ಲ, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೂ ವಿದ್ಯುತ್ ವೈರಿಂಗ್‌ನಿಂದ ಒಂದು ಗೇಣು ದೂರದಲ್ಲೇ ಎಳೆಯುತ್ತೇವೆ, ದಾಟಲೇಬೇಕಾದ ಕಡೆ ಅಡ್ಡಲಾಗಿ ನೇರ ದಾಟುತ್ತೇವೆ.

ಕೇಬಲ್ ಹಾಕುವವರು ಮೊದಲು ಮಾಳಿಗೆಯ ಮೇಲಿಂದ ಒಯ್ಯೋಣ ಎಂದಿದ್ದರು. ನಾನೇ ಬೇಡವೆಂದೆ. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲಿಗೆ ಸಾಧಾರಣ ಕೇಬಲಿನ ಹೊದಿಕೆ ಒಡೆಯುತ್ತದೆ, ಸಿಡಿಲಿನ ಭಯ ಬೇರೆ. ಮಣ್ಣಿನ ಮಾಳಿಗೆಯ ಮೇಲೆ ಜನ ಓಡಾಡಿ ಸೋರಿಕೆ ಶುರುವಾದರೆ ನಿಮಗೆ ಮುಖ ತೋರಿಸುವುದು ನನಗೆ ಕಷ್ಟ.

ಎಕ್ಸ್‌-ರೇ ಕೋಣೆಯ ಗೋಡೆಗೆ ಕೈ ಹಚ್ಚುವುದಿಲ್ಲ. ವಿಕಿರಣ ಹೊರಬರದಂತೆ ಕಟ್ಟಿಕೊಂಡ ಕೋಣೆಯಲ್ಲಿ ಹೊಸ ತೂತು ಮಾಡಬಾರದು. ಏಳು ಅಡಿಗಿಂತ ಮೇಲಿರುವ ಹಳೆಯ ಹವಾಕಿಂಡಿಯಿಂದ ಕೇಬಲ್ ಒಳಗೆ ಹೋಗುತ್ತದೆ.

ಉಳಿಯುವುದು ಪಡಸಾಲೆ ಮತ್ತು ನನ್ನ ಕೋಣೆಯ ನಡುವಿನ ಗೋಡೆ. ನಿಮ್ಮ ಒಪ್ಪಿಗೆ ಬೇಕಿರುವುದು ಮುಖ್ಯವಾಗಿ ಇದಕ್ಕೇ. ಅಲ್ಲಿ ಕಲ್ಲನ್ನು ಬಿಟ್ಟು, ಎರಡು ಕಲ್ಲುಗಳ ನಡುವಿನ ಗಾರೆಯ ಸಂದಿಯಲ್ಲಿ ಒಂದೇ ಒಂದು ರಂಧ್ರ ಕೊರೆಯಬೇಕು. ನಾಲ್ಕು ಕೇಬಲ್‌ಗಳಲ್ಲಿ ಮೂರು ಅದರಿಂದ ಹೋಗಬೇಕಾದ್ದರಿಂದ ಅಗಲ ಒಂದು ಇಂಚು. ಸುತ್ತಿಗೆ, ಉಳಿ ಮುಟ್ಟುವುದಿಲ್ಲ. ಉದ್ದನೆಯ ಬಿಟ್ ಹಾಕಿ ಡ್ರಿಲ್‌ನಲ್ಲಿ ನಿಧಾನವಾಗಿ ಕೊರೆಯುವುದು. ಒಳಗೆ ಪಿವಿಸಿ ಕೊಳವೆ ಇಡುತ್ತೇವೆ. ಮುಂದೆ ನಾನು ಮನೆ ಬಿಡುವಾಗ ಅದನ್ನು ಸುಣ್ಣದ ಗಾರೆಯಿಂದ ಮುಚ್ಚಿಸುತ್ತೇನೆ, ಸಿಮೆಂಟಿನಿಂದ ಅಲ್ಲ. ಸುಣ್ಣದ ಗೋಡೆಯಲ್ಲಿ ಸಿಮೆಂಟ್ ತುಂಬಿದರೆ ತೇವ ಹೊರಗೆ ಬರಲಾರದೆ ಸುತ್ತಲಿನ ಗಿಲಾಯಿಯನ್ನೇ ತಿನ್ನುತ್ತದೆ. ಮುಚ್ಚಿದ ಮೇಲೂ ಹತ್ತಿರದಿಂದ ನೋಡಿದರೆ ಗುರುತು ಕಾಣುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ರಂಧ್ರ ಬೇಡವೆಂದರೆ ಇನ್ನೊಂದು ದಾರಿ ಇದೆ. ನಡುಬಾಗಿಲಿನ ಚೌಕಟ್ಟಿನ ಸುತ್ತ ಪಟ್ಟಿ ತಿರುಗಿಸಿ ಒಯ್ಯಬಹುದು. ಗೋಡೆ ಉಳಿಯುತ್ತದೆ, ಆದರೆ ನಿಮ್ಮ ಅಜ್ಜ ಕೆತ್ತಿಸಿದ ಬಳ್ಳಿಯ ಮೇಲೆ ಪ್ಲಾಸ್ಟಿಕ್ ಅಡ್ಡ ಬರುತ್ತದೆ, ಬಾಗಿಲೂ ಪೂರ್ತಿ ಮುಚ್ಚುವುದಿಲ್ಲ. ನನ್ನ ಮನಸ್ಸು ರಂಧ್ರದ ಕಡೆಗಿದೆ. ಮನೆ ನಿಮ್ಮದು, ನೀವು ಹೇಳಿದಂತೆಯೇ ಮಾಡಿಸುತ್ತೇನೆ.

ಖರ್ಚೆಲ್ಲ ನನ್ನದು, ಬಾಡಿಗೆಯಲ್ಲಿ ಕಡಿತ ಕೇಳುವುದಿಲ್ಲ. ಕೆಲಸ ಭಾನುವಾರವೇ ನಡೆಯುತ್ತದೆ, ನಾನು ಎದುರಿಗೇ ಇರುತ್ತೇನೆ. ಗೋಡೆಗಳ ಫೋಟೊಗಳನ್ನು ಮೊದಲೇ ತೆಗೆದು ನಿಮಗೆ ಕಳಿಸುತ್ತೇನೆ. ನಾನು ಬಿಟ್ಟುಹೋಗುವಾಗ ಕೇಬಲ್ ಮನೆಗೇ ಇರಲಿ ಎಂದರೆ ಹಾಗೇ ಬಿಡುತ್ತೇನೆ, ಬೇಡವೆಂದರೆ ತೆಗೆಸಿ ಪಟ್ಟಿಯ ಮೊಳೆ ತೂತುಗಳನ್ನು ಮುಚ್ಚಿ ಸುಣ್ಣ ಬಳಿಸಿ ಕೊಡುತ್ತೇನೆ.

ನಿಂಬೆ ತೋಟದ ಕೆಲಸ ಬಿಟ್ಟು ಇಂಡಿಯಿಂದ ಇದಕ್ಕೆಂದೇ ಬರುವುದು ಬೇಡ. ಸಂಕ್ರಾಂತಿ ಮುಗಿದ ಮೇಲೆ ಬಾಡಿಗೆಯ ರಸೀದಿ ಕೊಡಲು ಹೇಗೂ ಬರುತ್ತೀರಿ. ಆಗ ಕೊರೆಯುವ ಜಾಗವನ್ನು ಸೀಮೆಸುಣ್ಣದಿಂದ ನೀವೇ ಗುರುತು ಹಾಕಿದರೆ ನನಗೆ ಧೈರ್ಯ. ಪತ್ರದ ಎರಡನೆಯ ಪ್ರತಿ ಜೊತೆಗಿದೆ. ರಂಧ್ರವೋ ಚೌಕಟ್ಟಿನ ದಾರಿಯೋ ಎಂಬುದನ್ನು ಅದರ ಕೆಳಗೆ ಒಂದು ಸಾಲಿನಲ್ಲಿ ಬರೆದು ಸಹಿ ಮಾಡಿ ಕೊಡಬೇಕೆಂದು ಕೋರುತ್ತೇನೆ. ಅದು ಕೈಗೆ ಬರುವವರೆಗೆ ಕೆಲಸ ಶುರುವಾಗುವುದಿಲ್ಲ.

ಕಾಕೂ ಅವರ ಮೊಣಕಾಲು ನೋವು ಈ ಚಳಿಗೆ ಹೆಚ್ಚಾಗಿರಬಹುದು. ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ, ನೋಡುತ್ತೇನೆ.

ತಮ್ಮ ವಿಶ್ವಾಸಿ,
ಡಾ. ವೀಣಾ ಪಾಟೀಲ
ಎಲುಬು ಮತ್ತು ಕೀಲು ಚಿಕಿತ್ಸಾಲಯ, ವಿಜಯಪುರ